ತೊಗರಿಬೇಳೆ ತುಟ್ಟಿಯಾದಾಗ ಕೊಳ್ಳುವುದು ಇಳಿಯುವುದು ಯಾಕೆ: ಮೊದಲ ಸೆಮಿಸ್ಟರ್‌ನ ಪಾಠ

ಬೇಡಿಕೆ ರೇಖೆ ಎಡದಿಂದ ಬಲಕ್ಕೆ ಯಾಕೆ ಇಳಿಯುತ್ತದೆ ಎಂದು ಬಿ.ಎ. ಮೊದಲ ವರ್ಷದ ತರಗತಿಯಲ್ಲಿ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಬೇಡಿಕೆಯ ನಿಯಮ ಹಂಗ ಅದರೀ ಸರ್." ನಿಯಮ ಹೇಳುವುದೇ ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ ಎಂದು. ಹಾಗಾಗಿ ಈ ಉತ್ತರ ಪ್ರಶ್ನೆಯನ್ನೇ ತಿರುಗಿಸಿ ಒಪ್ಪಿಸಿದಂತಾಯಿತು. ಕಾರಣ ಬೇಕೆಂದರೆ ಒಂದು ಬೆಲೆಯೇರಿಕೆಯನ್ನು ಎರಡು ತುಂಡು ಮಾಡಿ ನೋಡಬೇಕು. ಕಲಬುರಗಿಯಲ್ಲಿ ಅದಕ್ಕೆ ತೊಗರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಬೇಳೆ ಇದು. ಇದರ ದರ ಅಡುಗೆಮನೆಯಲ್ಲೂ ಗೊತ್ತು, ಎಪಿಎಂಸಿ ಅಂಗಳದಲ್ಲೂ ಗೊತ್ತು.

ಬೋರ್ಡಿನ ಮೇಲೆ ಬರೆಯುವ ಲೆಕ್ಕ ಹೀಗಿರಲಿ. ಅಂಕಿಗಳು ಪಾಠಕ್ಕೆಂದು ಮಾಡಿಕೊಂಡವು, ಇವತ್ತಿನ ಪೇಟೆಯ ದರವಲ್ಲ. ಒಂದು ಮನೆಯವರು ತಿಂಗಳಿಗೆ ಬೇಳೆಗೆಂದು 1200 ರೂಪಾಯಿ ತೆಗೆದಿಡುತ್ತಾರೆ. ತೊಗರಿಬೇಳೆ ಕಿಲೋಗೆ 120, ಕಡಲೆಬೇಳೆ 80. ಅವರು 6 ಕಿಲೋ ತೊಗರಿ, 6 ಕಿಲೋ ಕಡಲೆ ಒಯ್ಯುತ್ತಾರೆ: 720 ಮತ್ತು 480, ಒಟ್ಟು 1200. ಇದು ಅ ಬಿಂದು.

ಈಗ ತೊಗರಿ 160ಕ್ಕೆ ಏರಿತು, ಕಡಲೆ ಅಲ್ಲೇ ನಿಂತಿತು. ಮನೆಯವರು 4.5 ಕಿಲೋ ತೊಗರಿ, 6 ಕಿಲೋ ಕಡಲೆಗೆ ಬಂದು ನಿಂತರು: 720 ಮತ್ತು 480, ಮತ್ತೆ 1200. ಇದು ಕ ಬಿಂದು. ತೊಗರಿ ಒಂದೂವರೆ ಕಿಲೋ ಕಡಿಮೆಯಾಯಿತು. ಬೇಡಿಕೆ ರೇಖೆಯ ಮೇಲೆ ಕಾಣುವುದು ಇಷ್ಟೇ: 120 ರೂಪಾಯಿಗೆ 6 ಕಿಲೋ, 160ಕ್ಕೆ 4.5 ಕಿಲೋ.

ಈ ಒಂದೂವರೆ ಕಿಲೋದೊಳಗೆ ಎರಡು ಸಂಗತಿ ಕೂಡಿಕೊಂಡಿವೆ. ಮೊದಲನೆಯದು, ಕಡಲೆಯ ಲೆಕ್ಕದಲ್ಲಿ ತೊಗರಿ ದುಬಾರಿಯಾಗಿದೆ. ಮೊದಲು ಒಂದು ಕಿಲೋ ತೊಗರಿ ಬಿಟ್ಟರೆ ಒಂದೂವರೆ ಕಿಲೋ ಕಡಲೆ ಬರುತ್ತಿತ್ತು, ಈಗ ಎರಡು ಕಿಲೋ ಬರುತ್ತದೆ. ಎರಡನೆಯದು, ಅದೇ 1200 ರೂಪಾಯಿಯ ಶಕ್ತಿ ಕುಗ್ಗಿದೆ. ಇದರಿಂದ ಆಗುವುದಕ್ಕೆ ಆದಾಯ ಪರಿಣಾಮ ಎನ್ನುತ್ತಾರೆ. ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಪಗಾರ ಹೋದ ತಿಂಗಳದಷ್ಟೇ ಬಂದದ, ಆದಾಯ ಎಲ್ಲಿ ಕಡಿಮಿ ಆಯ್ತರೀ?" ಕೇಳಬೇಕಾದ ಪ್ರಶ್ನೆಯೇ. ಕೈಗೆ ಬರುವ ನೋಟು ಅಷ್ಟೇ ಇದೆ, ಆ ನೋಟಿಗೆ ಬರುವ ಬೇಳೆ ಕಡಿಮೆಯಾಗಿದೆ. ಆದಾಯ ಪರಿಣಾಮ ಎನ್ನುವಾಗ ಹೇಳುತ್ತಿರುವುದು ಈ ನೈಜ ಆದಾಯದ ಮಾತು, ಪಗಾರದ್ದಲ್ಲ.

ಎರಡನ್ನೂ ಬಿಡಿಸುವ ದಾರಿಯನ್ನು ರಷ್ಯಾದ ಯೂಜಿನ್ ಸ್ಲಟ್ಸ್ಕಿ 1915ರಲ್ಲೇ ತೋರಿಸಿದ್ದ. ಜಾನ್ ಹಿಕ್ಸ್ ಮತ್ತು ಆರ್.ಜಿ.ಡಿ. ಅಲೆನ್ 1934ರಲ್ಲಿ ಅದೇ ವಿಷಯವನ್ನು ಮತ್ತೆ ಎತ್ತಿಕೊಂಡ ಮೇಲೆ ಅದು ಪಠ್ಯಪುಸ್ತಕಕ್ಕೆ ಬಂತು. ಸ್ಲಟ್ಸ್ಕಿಯ ಉಪಾಯ ಸರಳ. ದರ ಏರಿದ ಮೇಲೆ, ಹಳೆಯ 6 ಕಿಲೋ ಮತ್ತು 6 ಕಿಲೋವನ್ನೇ ಒಯ್ಯಲು ಎಷ್ಟು ಹೆಚ್ಚು ಬೇಕೋ ಅಷ್ಟನ್ನು ಕೈಯಲ್ಲಿಟ್ಟುಬಿಡಿ. ಕಿಲೋಗೆ 40ರಂತೆ 6 ಕಿಲೋಗೆ 240. ಈಗ ಅವರ ಹತ್ತಿರ 1440 ಇದೆ, ಬಡತನದ ಸಬೂಬು ಹೇಳುವಂತಿಲ್ಲ. ಆದರೂ ಅವರು ಹಳೆಯ ಗಂಟನ್ನೇ ಒಯ್ಯುವುದಿಲ್ಲ. 5 ಕಿಲೋ ತೊಗರಿ, 8 ಕಿಲೋ ಕಡಲೆ ಒಯ್ಯುತ್ತಾರೆ: 800 ಮತ್ತು 640. ಪುಂಡಿಪಲ್ಯಕ್ಕೂ ಕಡಲೆಬೇಳೆಯೇ ಬೀಳಲು ಶುರುವಾಯಿತು ಎನ್ನಿ. ಇದು ಬ ಬಿಂದು.

ಅ ಇಂದ ಬಗೆ ಬಂದಾಗ ತೊಗರಿ 6ರಿಂದ 5ಕ್ಕೆ ಇಳಿಯಿತು. ಈ ಒಂದು ಕಿಲೋ ಬದಲಿ ಪರಿಣಾಮ. ಆಮೇಲೆ ಆ 240 ರೂಪಾಯಿ ವಾಪಸ್ ತೆಗೆದುಕೊಂಡರೆ ಬ ಇಂದ ಕಗೆ, 5ರಿಂದ 4.5ಕ್ಕೆ. ಈ ಅರ್ಧ ಕಿಲೋ ಆದಾಯ ಪರಿಣಾಮ. ಕಡಲೆಯನ್ನೂ ಗಮನಿಸಿ: 6, ಆಮೇಲೆ 8, ಮತ್ತೆ 6. ಮೊದಲಿನದನ್ನೂ ಕೊನೆಯದನ್ನೂ ಮಾತ್ರ ನೋಡಿದವನಿಗೆ ಕಡಲೆಬೇಳೆಗೆ ಏನೂ ಆಗಿಲ್ಲ ಎನಿಸುತ್ತದೆ. ನಿಜದಲ್ಲಿ ಒಂದು ಪರಿಣಾಮ ಎರಡು ಕಿಲೋ ಮೇಲಕ್ಕೆ ಎತ್ತಿದೆ, ಇನ್ನೊಂದು ಎರಡು ಕಿಲೋ ಕೆಳಕ್ಕೆ ಎಳೆದಿದೆ. "ಬದಲಿ ಪರಿಣಾಮ ಅಂದ್ರೆ ಬ್ಯಾರೆ ಬ್ಯಾಳಿ ಜಾಸ್ತಿ ತಗೊಳ್ಳೋದು" ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ತೊಗರಿಯ ಬೇಡಿಕೆ ರೇಖೆ ಬಿಡಿಸುವಾಗ ಅಳೆಯಬೇಕಾದದ್ದು ತೊಗರಿ ಎಷ್ಟು ಕಡಿಮೆಯಾಯಿತು ಎಂಬುದನ್ನು.

ಚಿತ್ರ ಬಿಡಿಸುವಾಗ ಆಗುವ ದೊಡ್ಡ ತಪ್ಪು ಮಧ್ಯದ ಗೆರೆಯದು. ಅಡ್ಡ ಅಕ್ಷದಲ್ಲಿ ತೊಗರಿ, ನಿಲುವಿನಲ್ಲಿ ಕಡಲೆ ಇಡಿ. ಬಜೆಟ್ ರೇಖೆ ಎಂದರೆ ಕೈಯಲ್ಲಿರುವ ಪೂರ್ತಿ ಹಣಕ್ಕೆ ಬರುವ ಗಂಟುಗಳ ಗೆರೆ. ಹಳೆಯ ಬಜೆಟ್ ರೇಖೆ 10 ಕಿಲೋ ತೊಗರಿಯಿಂದ 15 ಕಿಲೋ ಕಡಲೆಗೆ. ಹೊಸದು 7.5ರಿಂದ 15ಕ್ಕೆ, ಅಂದರೆ ಕಡಲೆಯ ತುದಿ ಅಲ್ಲೇ ಇದ್ದು ತೊಗರಿಯ ತುದಿ ಮಾತ್ರ ಒಳಗೆ ಸರಿಯುತ್ತದೆ. ಪರಿಹಾರ ಕೊಟ್ಟ ರೇಖೆ 9ರಿಂದ 18ಕ್ಕೆ. ಇದು ಹೊಸ ರೇಖೆಗೆ ಸಮಾನಾಂತರವಾಗಿರಬೇಕು, ಅ ಬಿಂದುವಿನ ಮೂಲಕವೇ ಹಾಯಬೇಕು. ಹಳೆಯ ರೇಖೆಗೆ ಸಮಾನಾಂತರವಾಗಿ ಎಳೆಯುವವರೇ ಬಹಳ. ಹಾಗೆ ಎಳೆದರೆ ಹಳೆಯ ಬೆಲೆಯನ್ನೇ ಇಟ್ಟುಕೊಂಡು ಹಣ ಹಂಚಿದಂತಾಗುತ್ತದೆ, ಬದಲಿ ಪರಿಣಾಮ ಹುಟ್ಟುವುದೇ ಇಲ್ಲ. ಪಟ್ಟಿ ಇಟ್ಟು ನೋಡಿದರೆ ತಪ್ಪು ಗೊತ್ತಾಗುತ್ತದೆ: 18ನ್ನು 9ರಿಂದ, 15ನ್ನು 7.5ರಿಂದ ಭಾಗಿಸಿದರೆ ಎರಡೂ ಕಡೆ 2 ಬರಬೇಕು. ಇನ್ನೊಂದು ಮಾತು, ಸಾಮಾನ್ಯ ಬೇಡಿಕೆ ರೇಖೆಗೆ ಹೋಗುವುದು ಅ ಮತ್ತು ಕ ಮಾತ್ರ. ಬ ನಮ್ಮ ಲೆಕ್ಕದ ಮಧ್ಯದ ನಿಲ್ದಾಣ, ಪೇಟೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಹಿಕ್ಸ್ ವಿಧಾನ ಕೇಳಿದರೆ ರೇಖೆ ಅ ಮೂಲಕ ಹಾಯುವ ಬದಲು ಹಳೆಯ ಔದಾಸೀನ್ಯ ವಕ್ರರೇಖೆಯನ್ನು, ಅಂದರೆ ಅ ಬಿಂದುವಿನಷ್ಟೇ ತೃಪ್ತಿ ಕೊಡುವ ಗಂಟುಗಳ ಗೆರೆಯನ್ನು, ಮುಟ್ಟಬೇಕು. ಆಗ ಕೊಡುವ ಪರಿಹಾರ 240ಕ್ಕಿಂತ ಸ್ವಲ್ಪ ಕಡಿಮೆ ಸಾಕು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿದಿದೆ. ಪರಿಹಾರ ಕೊಟ್ಟ ಮೇಲೆ ಮನೆಯವರು ತೊಗರಿಯನ್ನು ಇಳಿಸಿದರು ಎಂದೆವು. ಏರಿಸಿದ್ದರೆ? ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ, ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ನಿಂತು ನೋಡಬೇಕಾದ ಜಾಗ ಇದೇ. ಕೈಯಲ್ಲಿ 1440 ಇರುವಾಗ ಅವರು 7 ಕಿಲೋ ತೊಗರಿ, 4 ಕಿಲೋ ಕಡಲೆ ಒಯ್ದರು ಎಂದಿಟ್ಟುಕೊಳ್ಳಿ: 1120 ಮತ್ತು 320, ಲೆಕ್ಕ ಕೂಡುತ್ತದೆ. ಅದೇ ಗಂಟಿಗೆ ಹಳೆಯ ದರದಲ್ಲಿ ಎಷ್ಟಾಗುತ್ತಿತ್ತು? 840 ಮತ್ತು 320, ಒಟ್ಟು 1160. ಆಗ ಕೈಯಲ್ಲಿ 1200 ಇತ್ತು. ಅಂದರೆ ಈ ಗಂಟು ಅವತ್ತೂ ಎಟುಕುತ್ತಿತ್ತು, 40 ರೂಪಾಯಿ ಉಳಿದೂ ಉಳಿಯುತ್ತಿತ್ತು. ಅವರು ಅದನ್ನು ಬಿಟ್ಟು 6 ಮತ್ತು 6 ಆರಿಸಿದ್ದರು. ಇವತ್ತೂ 6 ಮತ್ತು 6 ಕೈಗೆಟುಕುವಂತೆಯೇ ಇದೆ. ಅವತ್ತು ಅಗ್ಗದಲ್ಲಿ ಬೇಡವೆಂದದ್ದನ್ನು ಇವತ್ತು ಆರಿಸಿದರೆ ಆಯ್ಕೆಗೆ ತಾಳವಿಲ್ಲ. ಪರಿಹಾರ ಕೊಟ್ಟ ರೇಖೆಯ ಮೇಲೆ 6 ಕಿಲೋಗಿಂತ ಹೆಚ್ಚು ತೊಗರಿ ಇರುವ ಯಾವ ಗಂಟನ್ನು ಹಿಡಿದರೂ ಇದೇ ಆಗುತ್ತದೆ, ಲೆಕ್ಕ ಹಾಕಿ ನೋಡಿ. 5 ಮತ್ತು 8ರ ಗಂಟು ಹಾಗಲ್ಲ: ಹಳೆಯ ದರದಲ್ಲಿ ಅದಕ್ಕೆ 1240 ಬೇಕಿತ್ತು, ಅವತ್ತು ಎಟುಕುತ್ತಿರಲಿಲ್ಲ.

ಆದ್ದರಿಂದ ಬದಲಿ ಪರಿಣಾಮದ ದಿಕ್ಕು ರುಚಿ, ಊರು, ಜಾತಿ, ಸರಕು ಯಾವುದನ್ನೂ ಕೇಳುವುದಿಲ್ಲ. ದರ ಏರಿದರೆ ಅದು ಆ ಸರಕನ್ನು ಇಳಿಸುತ್ತದೆ, ಅಥವಾ ಬದಲಿಯೇ ಇಲ್ಲದ ಸರಕಾದರೆ ಇದ್ದಲ್ಲೇ ಬಿಡುತ್ತದೆ. ಏರಿಸುವುದಂತೂ ಇಲ್ಲ. ಅನುಮಾನ ಇರುವುದೆಲ್ಲ ಆದಾಯ ಪರಿಣಾಮದ ಬಗ್ಗೆ.

ಆದಾಯ ಪರಿಣಾಮದ ಗಾತ್ರ ಆ ಸರಕಿಗೆ ಮನೆಯ ಖರ್ಚಿನಲ್ಲಿ ಎಷ್ಟು ಪಾಲಿದೆ ಎಂಬುದರ ಮೇಲೆ ನಿಂತಿದೆ. ತಿಂಗಳಿಗೆ ಒಂದು ಕಿಲೋ ಉಪ್ಪು ಬಳಸುವವರಿಗೆ ಕಿಲೋಗೆ 5 ರೂಪಾಯಿ ಏರಿದರೆ ಹೋಗುವುದು 5 ರೂಪಾಯಿ, ಅದು ಯಾರನ್ನೂ ಬಡವರನ್ನಾಗಿ ಮಾಡದು. ನಮ್ಮ ತೊಗರಿ ಲೆಕ್ಕದಲ್ಲಿ ಅದು ದೊಡ್ಡದಾಗಿ ಕಂಡದ್ದಕ್ಕೆ ಕಾರಣ, ಬೇಳೆಯ 1200 ರೂಪಾಯಿಗೇ ಬೇಲಿ ಹಾಕಿದ್ದೆವು. ಅದೇ ಮನೆಯ ಒಟ್ಟು ಖರ್ಚು 15,000 ಎಂದು ಹಿಡಿದರೆ 240 ಎಂಬುದು ನೂರಕ್ಕೆ 1.6 ಅಷ್ಟೇ. ಎಣ್ಣೆ, ಬಟ್ಟೆ, ಮೊಬೈಲ್ ರೀಚಾರ್ಜ್ ಎಲ್ಲದರಲ್ಲೂ ಒಂದಿಷ್ಟು ಹಿಡಿತ ಮಾಡಿದರೆ ಬೇಳೆಯ ಪಾಲಿಗೆ ಬರುವ ಹೊಡೆತ ಇನ್ನೂ ಚಿಕ್ಕದು.

ದಿಕ್ಕು ಬದಲಾಗುವುದು ಕೀಳು ಸರಕಿನಲ್ಲಿ. ಕೀಳು ಎಂದರೆ ಗುಣಮಟ್ಟ ಕಡಿಮೆ ಎಂದಲ್ಲ, ಆದಾಯ ಏರಿದಾಗ ಜನ ಕಡಿಮೆ ಕೊಳ್ಳುವ ಸರಕು ಎಂದಷ್ಟೇ. ಅಂಥ ಸರಕಿನ ಬೆಲೆ ಏರಿದರೆ ನೈಜ ಆದಾಯ ಕುಗ್ಗಿ, ಅದನ್ನೇ ಹೆಚ್ಚು ಕೊಳ್ಳುವಂತಾಗುತ್ತದೆ. ಹಾಗಿದ್ದರೂ ರೇಖೆ ಮೇಲಕ್ಕೆ ತಿರುಗುವುದು ಅಪರೂಪ. ನಮ್ಮ ಲೆಕ್ಕದಲ್ಲಾದರೆ ಬದಲಿ ಪರಿಣಾಮ ಕಳೆದ ಒಂದು ಕಿಲೋವನ್ನೂ ಮೀರಿ ಆದಾಯ ಪರಿಣಾಮ ಕೂಡಿಸಬೇಕು. ಅದಕ್ಕೆ ಸರಕು ಕೀಳಾಗಿದ್ದರೆ ಸಾಲದು, ಖರ್ಚಿನ ದೊಡ್ಡ ಪಾಲನ್ನೂ ತಿನ್ನುತ್ತಿರಬೇಕು. ಇದೇ ಗಿಫೆನ್ ಸರಕು. ಐರ್ಲೆಂಡಿನ ಬರಗಾಲದ ಆಲೂಗಡ್ಡೆಯ ಉದಾಹರಣೆಯನ್ನು ಹಲವು ಗೈಡುಗಳು ಇನ್ನೂ ಕೊಡುತ್ತವೆ, ಅದು ನಿಲ್ಲುವುದಿಲ್ಲ: ಬೆಳೆಯೇ ಕೊಳೆತು ಹೋದಾಗ ಎಲ್ಲರೂ ಹೆಚ್ಚು ಆಲೂಗಡ್ಡೆ ತಿನ್ನಲು ಎಲ್ಲಿಂದ ತರುತ್ತಾರೆ? ಗಟ್ಟಿ ಸಾಕ್ಷ್ಯ ಬೇಕಿದ್ದರೆ ರಾಬರ್ಟ್ ಜೆನ್ಸೆನ್ ಮತ್ತು ನೋಲನ್ ಮಿಲ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಚೀನಾದ ಹುನಾನ್‌ನಲ್ಲಿ ಬಡ ಮನೆಗಳಿಗೆ ಅಕ್ಕಿ ಅಗ್ಗವಾಗಿ ಸಿಗುವಂತೆ ಮಾಡಿದಾಗ ಅವರು ಅಕ್ಕಿ ತಿನ್ನುವುದನ್ನು ಕಡಿಮೆ ಮಾಡಿದರು. ತೀರಾ ಬಡವರಲ್ಲಿ ಮಾತ್ರ ಹಾಗೆ ಕಾಣಲಿಲ್ಲ, ಅಕ್ಕಿ ಬಿಟ್ಟು ಬೇರೆಯದಕ್ಕೆ ಹೋಗುವಷ್ಟು ಅನುಕೂಲವೇ ಅವರಿಗಿರಲಿಲ್ಲ.

ನಮ್ಮ ಜಿಲ್ಲೆಯ ತರಗತಿಯಲ್ಲಿ ಇನ್ನೊಂದು ತಕರಾರು ಬರುತ್ತದೆ, ಪಠ್ಯದಲ್ಲಿ ಅದಕ್ಕೆ ಜಾಗವಿಲ್ಲ: "ತೊಗರಿ ರೇಟ್ ಏರಿದ್ರ ನಮ್ಮನ್ಯಾಗ ಖುಷಿ ಪಡ್ತಾರ್ರೀ." ಹೊಲವಿರುವ ಮನೆ ಅದು. ಅವರ ಲೆಕ್ಕವನ್ನೂ ಬೋರ್ಡಿನ ಮೇಲೆ ಹಾಕಬಹುದು. ಗಿರಣಿ ಖರ್ಚು, ಹೊಟ್ಟು ಎಲ್ಲ ಬದಿಗಿಟ್ಟು, ತಿಂಗಳಿಗೆ 10 ಕಿಲೋ ಬೇಳೆಯಷ್ಟು ತೊಗರಿ ಮನೆಯಲ್ಲೇ ಇದೆ ಎನ್ನಿ. 120ರ ದರದಲ್ಲಿ ಅದರ ಬೆಲೆ 1200, ಅಂದರೆ ಹೊರಡುವ ಜಾಗ ಅದೇ ಅ ಬಿಂದು: 6 ಕಿಲೋ ಮನೆಗೆ, ಉಳಿದ 4 ಕಿಲೋ ಮಾರಿ ಬಂದ 480ಕ್ಕೆ ಕಡಲೆ. ದರ 160 ಆದಾಗ ಅದೇ 10 ಕಿಲೋ 1600 ಆಗುತ್ತದೆ. ಹಳೆಯ ಗಂಟಿಗೆ 1440 ಸಾಕು, ಮೇಲೆ 160 ಉಳಿಯಿತು. ಬದಲಿ ಪರಿಣಾಮ ಇವರನ್ನೂ 5 ಕಿಲೋಗೆ ಇಳಿಸುತ್ತದೆ, ಮನೆಯ ತೊಗರಿಯಾದರೂ ತಿಂದ ಪ್ರತಿ ಕಿಲೋಗೆ 160 ರೂಪಾಯಿಯ ಮಾರಾಟ ತಪ್ಪುತ್ತದಲ್ಲ. ಆದರೆ ಆದಾಯ ಪರಿಣಾಮ ಕೆಳಗೆಳೆಯುವ ಬದಲು ಮೇಲಕ್ಕೆತ್ತುತ್ತದೆ. 240 ರೂಪಾಯಿಗೆ ಅರ್ಧ ಕಿಲೋ ಎಂಬ ಅಳತೆಯನ್ನೇ ಹಿಡಿದರೆ 160ಕ್ಕೆ ಸುಮಾರು 0.33 ಕಿಲೋ. ಕೊಳ್ಳುವ ಮನೆ 4.5ಕ್ಕೆ ಇಳಿದರೆ ಬೆಳೆಯುವ ಮನೆ 5.33ರಲ್ಲಿ ನಿಲ್ಲುತ್ತದೆ. ತಿನ್ನುವುದಕ್ಕಿಂತ ಮಾರುವ ಪಾಲು ತುಂಬ ದೊಡ್ಡದಿದ್ದರೆ, ದರ ಏರಿದ ವರ್ಷ ಆ ಮನೆಯ ಗಡಿಗೆಯಲ್ಲಿ ಬೇಳೆ ಮೊದಲಿಗಿಂತ ಗಟ್ಟಿಯಾಗಿಯೂ ಕುದಿಯಬಹುದು. ತೊಗರಿ ಅವರಿಗೆ ಕೀಳು ಸರಕಲ್ಲ, ಗಿಫೆನ್ ಸರಕಂತೂ ಅಲ್ಲವೇ ಅಲ್ಲ.