ಮಸೂರದ ಲೆಕ್ಕ, ಅರ್ಧ ಅಂಕದ ರಗಳೆ

ಫಿಸಿಕ್ಸ್ ಮಾಕ್ ಪೇಪರಿನ ಉತ್ತರದ ಕೀ ಕೊನೆಗೂ ಮುಗಿಯಿತು. ಡೊಂಬಿವಲಿಯಲ್ಲಿ ನಮ್ಮ ಕನ್ನಡ ಮಕ್ಕಳ ಭಾನುವಾರದ ಹನ್ನೆರಡನೇ ಕ್ಲಾಸಿಗೆ ಮಾಡಿದ್ದು. ಎಂಸಿಕ್ಯೂ, ಡೆರಿವೇಶನ್‌ಗಳ ಅಂಕ ಹಂಚೋದು ನಿಮಗೆ ಗೊತ್ತಿರುವುದೇ, ಬಿಡಿ. ತಲೆ ತಿಂದದ್ದು 3 ಅಂಕದ ಒಂದು ಮಸೂರದ ಲೆಕ್ಕ.

ಪೀನ ಮಸೂರ, ನಾಭಿದೂರ 10 ಸೆಂ.ಮೀ. ವಸ್ತು 15 ಸೆಂ.ಮೀ. ದೂರದಲ್ಲಿದೆ, ಅಂದರೆ u = −15. ಉತ್ತರ: ಪ್ರತಿಬಿಂಬದ ದೂರ v = +30, ವರ್ಧನೆ m = −2. 1/v − 1/u = 1/f ಸೂತ್ರಕ್ಕೆ ½, ಚಿಹ್ನೆ ಸಮೇತ ಬೆಲೆ ಹಾಕಿದ್ದಕ್ಕೆ ½, v ಗೆ ½, m ಗೆ ½, ಪ್ರತಿಬಿಂಬದ ಸ್ವರೂಪಕ್ಕೆ 1. ಇಷ್ಟೇ ಅಲ್ವಾ ಅನ್ನಿಸುತ್ತದೆ.

ಈಗ ಇಬ್ಬರು ಹುಡುಗರು ಮೊದಲ ಸಾಲಿನಲ್ಲಿ 1/v + 1/u = 1/f ಎಂದೇ ಬರೆದಿದ್ದಾರೆ ಅಂದುಕೊಳ್ಳಿ. ಒಬ್ಬ u = 15 ಹಾಕಿ v = 30 ತರುತ್ತಾನೆ. ಅವನದು ನೈಜ ದೂರಗಳನ್ನೆಲ್ಲ ಧನ ಎನ್ನುವ ಹಳೆಯ ಪದ್ಧತಿ, ಪೂರ್ತಿ ಸರಿ. ಇನ್ನೊಬ್ಬ u = −15 ಹಾಕಿ v = 6 ತರುತ್ತಾನೆ. ಅದು ದರ್ಪಣದ ಸೂತ್ರ, ತಪ್ಪು. ಮೂರನೆಯವಳು ಸೂತ್ರ ಸರಿಯಾಗಿ ಬರೆದು u ಗೆ ಮೈನಸ್ ಮರೆತು ಅದೇ 6ಕ್ಕೆ ಬರುತ್ತಾಳೆ. ಸೂತ್ರದ ಸಾಲು ನೋಡಿ ½ ಕೊಡುವ ಕೀ ಇಲ್ಲಿ ಮಕಾಡೆ ಮಲಗಿತು.

ಕೊನೆಗೆ ಹೀಗೆ ಬರೆದೆ: ಸೂತ್ರವನ್ನೂ u ನ ಚಿಹ್ನೆಯನ್ನೂ ಜೋಡಿಯಾಗಿ ಓದಿ, ಆಮೇಲೆ ಅಂಕ ಹಾಕಿ. ಮೊದಲನೆಯವನಿಗೆ ಪೂರ್ತಿ. ಎರಡನೆಯವನಿಗೆ ಸೂತ್ರದ ½ ಇಲ್ಲ, ಚಿಹ್ನೆಯ ½ ಉಂಟು. ಮೂರನೆಯವಳಿಗೆ ಅದರ ತಿರುಗುಮುರುಗು. v ನ ½ ಇಬ್ಬರಿಗೂ ಇಲ್ಲ. m ನಲ್ಲಿ ಅದೇ ತಪ್ಪಿಗೆ ಮತ್ತೆ ಕತ್ತರಿ ಹಾಕಬಾರದು, ತಮ್ಮ v ಬಳಸಿ v/u ಮಾಡಿದ್ದರೆ ½ ಕೊಡಿ.

ಆದರೆ ಈ ಔದಾರ್ಯಕ್ಕೂ ಒಂದು ಗಡಿ ಬೇಕು. ಎರಡನೆಯವನ m = −0.4, ‘ನೈಜ, ತಲೆಕೆಳಗು, ಚಿಕ್ಕದು’ ಎಂದರೆ ಅವನ ಲೆಕ್ಕಕ್ಕೆ ಹೊಂದುತ್ತದೆ, 1 ಕೊಟ್ಟೆ. ಮೂರನೆಯವಳ m = +0.4. v ಧನ, ಅಂದರೆ ನೈಜ. m ಧನ, ಅಂದರೆ ನೆಟ್ಟಗೆ. ನೈಜ ವಸ್ತುವಿಗೆ ಎರಡೂ ಒಟ್ಟಿಗೆ ಆಗದು. ಅಲ್ಲಿ ‘ಚಿಕ್ಕದು’ ಎಂಬುದಕ್ಕೆ ಮಾತ್ರ ½. ಲೆಕ್ಕ ಬಿಟ್ಟು ನೆನಪಿನಿಂದ ‘ದೊಡ್ಡದು’ ಎಂದವರಿಗೆ ಗಾತ್ರದ ½ ಇಲ್ಲ. ಅದಕ್ಕೇ ಪ್ರಶ್ನೆಗೆ ‘ನಿಮ್ಮ m ಆಧಾರದಿಂದ’ ಎಂದು ಸೇರಿಸಿದೆ.

ಇಷ್ಟೆಲ್ಲ ಮಾಡಿ ಝೆರಾಕ್ಸಿಗೆ ಕೊಟ್ಟರೆ, ಸ್ಟೇಷನ್ ಹತ್ತಿರದ ಅಂಗಡಿಯವನ ಟೋನರು ಮೈನಸ್ ಚಿಹ್ನೆಗಳನ್ನೇ ನುಂಗಿತ್ತು! ‘ಸಾಬ್, ದಿಖ್ ತೋ ರಹಾ ಹೈ’ ಅಂತೆ. ಪೆನ್ನು ಹಿಡಿದು ಒಂದೊಂದಾಗಿ ತಿದ್ದಿದೆ.

6 ಯಾಕೆ ಸುಳ್ಳು ಎಂದು ಮಕ್ಕಳಿಗೆ ತೋರಿಸಲೇಬೇಕು. ನೈಜ ವಸ್ತುವಿಗೂ ಅದರ ನೈಜ ಪ್ರತಿಬಿಂಬಕ್ಕೂ ಕನಿಷ್ಠ 4f, ಇಲ್ಲಿ 40 ಸೆಂ.ಮೀ. ಅಂತರ ಇರಲೇಬೇಕು. 15 + 6 ಬರೀ 21. ಹಾಗಾಗಿ ಮುಂದಿನ ಕೆಲಸ ಮೀಟರ್ ಸ್ಕೇಲಿನ ಮೇಲೊಂದು ಆಪ್ಟಿಕಲ್ ಬೆಂಚು. ಎಲ್‌ಇಡಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. 10 ಸೆಂ.ಮೀ. ನಾಭಿದೂರದ ಮಸೂರ ಕೊಡುತ್ತೇನೆಂದ ಪುಣ್ಯಾತ್ಮ ಮಾತ್ರ ಇನ್ನೂ ಫೋನ್ ಎತ್ತುತ್ತಿಲ್ಲ.