ಕತೆಯ ಕೊನೆಯ ಪುಟ ನೋಡಿ

"ಸಾರ್, ಈ ಸಲಿಂಗ ಪ್ರೇಮ ಎಲ್ಲ ಈಗೀಗ ಬಂದ ಹುಚ್ಚು ಅಲ್ವಾ? ಮೊದಲು ಯಾವ ಸಾಹಿತ್ಯದಲ್ಲಿತ್ತು ಹೇಳಿ. ಈಗ ಕೋರ್ಟೂ ಒಪ್ಪಿಕೊಂಡಿದೆ, ಇವರಿಗೆ ಇನ್ನೇನು ಬೇಕಂತೆ?"

ಮೊದಲೂ ಇತ್ತು. ಹದಿನೆಂಟನೇ ಶತಮಾನದ ಉರ್ದು ಕವಿ ಮೀರ್ ತಕೀ ಮೀರ್ ತನ್ನ ಪೆದ್ದುತನವನ್ನು ತಾನೇ ಆಡಿಕೊಳ್ಳುವ ಒಂದು ದ್ವಿಪದಿ ಇದೆ. ಯಾವ ಹುಡುಗನಿಂದ ಕಾಯಿಲೆ ಬಿದ್ದನೋ, ಆ ಔಷಧಿ ಅಂಗಡಿಯ ಹುಡುಗನ ಹತ್ತಿರವೇ ಮದ್ದು ತರಲು ಹೋಗುತ್ತಾನಂತೆ. ಇದನ್ನು ಓದಿ ಆ ಕಾಲದವರು ನಕ್ಕಿರಬಹುದು, ಬೆಚ್ಚಿಬಿದ್ದಂತೆ ಕಾಣುವುದಿಲ್ಲ. ಆದರೆ ಕೆಲವರು ಇನ್ನೂ ಮುಂದೆ ಹೋಗಿ "ಶರಣಸತಿ ಲಿಂಗಪತಿ" ಎನ್ನುವುದನ್ನೂ ಈ ಪಟ್ಟಿಗೆ ಸೇರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಭಕ್ತ ತನ್ನನ್ನು ಹೆಂಡತಿ ಎಂದುಕೊಂಡು ದೇವರನ್ನು ಕರೆಯುವುದು ಒಂದು ಸಂಗತಿ. ಇಬ್ಬರು ಗಂಡಸರು ಒಂದೇ ಸೂರಿನಡಿ ಬಾಳುವುದು ಇನ್ನೊಂದು. ಸಾಕ್ಷಿ ಬೇಕೆಂದು ವಚನಗಳನ್ನು ಎಳೆದಾಡುವ ಅಗತ್ಯವಿಲ್ಲ.

ಇತ್ತೋ ಇಲ್ಲವೋ ಎಂಬ ಜಗಳಕ್ಕಿಂತ, ಅಂಥ ಕತೆಗಳು ಹೇಗೆ ಮುಗಿಯುತ್ತವೆ ಎಂದು ನೋಡುವುದರಲ್ಲಿ ನನಗೆ ಜಾಸ್ತಿ ಆಸಕ್ತಿ. ಸಾಗರದಲ್ಲಿ ನಾವು ಕೆಲವರು ಸೇರಿ ನಡೆಸುವ ಓದುಕೂಟದಲ್ಲಿ ಈ ವಿಷಯ ಬಂದಾಗ ನಾನು ಮೊದಲು ಓದಿಸಿದ್ದು ಇ. ಎಂ. ಫಾರ್ಸ್ಟರ್ ಬರೆದ 'ಮಾರಿಸ್' ಕಾದಂಬರಿಯನ್ನು. ಅವನ ಬೇರೆ ಕಾದಂಬರಿಗಳಿಗಿಂತ ಇದು ಸ್ವಲ್ಪ ಸಪ್ಪೆ. ಆದರೂ ಓದಬೇಕು, ಅದರ ಕೊನೆಗಾಗಿ.

ಫಾರ್ಸ್ಟರ್ ಇದನ್ನು ಬರೆದದ್ದು 1913-14ರಲ್ಲಿ. ಪ್ರಕಟವಾದದ್ದು 1971ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅಷ್ಟು ವರ್ಷ ಹಸ್ತಪ್ರತಿ ನಂಬಿಕೆಯ ಸ್ನೇಹಿತರ ನಡುವೆ ಮಾತ್ರ ಓಡಾಡಿತು. ಇಂಗ್ಲೆಂಡಿನಲ್ಲಿ 1885ರ ಕಾನೂನಿನ ಪ್ರಕಾರ ಗಂಡಸರ ನಡುವಿನ ಇಂಥ ಸಂಬಂಧಕ್ಕೆ ಎರಡು ವರ್ಷದವರೆಗೆ ಕಠಿಣ ಸಜೆ ಇತ್ತು. ಆಸ್ಕರ್ ವೈಲ್ಡ್ 1895ರಲ್ಲಿ ಜೈಲಿಗೆ ಹೋದದ್ದು ಅದೇ ಕಾನೂನಿನಡಿ. ಹಾಗಾಗಿ ಹೆದರಿದ, ಅಷ್ಟೇ ಎಂದು ಮುಗಿಸಿಬಿಡಬಹುದು. ಆದರೆ 1960ರಲ್ಲಿ ಕಾದಂಬರಿಗೆ ಸೇರಿಸಿದ ಟಿಪ್ಪಣಿಯಲ್ಲಿ ಅವನೇ ಬೇರೆ ಒಂದು ಮಾತು ಹೇಳುತ್ತಾನೆ. ಕೊನೆಯಲ್ಲಿ ಒಬ್ಬ ಹುಡುಗ ನೇಣು ಹಾಕಿಕೊಂಡಿದ್ದರೆ, ಅಥವಾ ಇಬ್ಬರೂ ಸೇರಿ ಪ್ರಾಣ ಬಿಟ್ಟಿದ್ದರೆ, ಯಾವ ತೊಂದರೆಯೂ ಇರುತ್ತಿರಲಿಲ್ಲವಂತೆ. ಪುಸ್ತಕದಲ್ಲಿ ಅಶ್ಲೀಲ ಏನೂ ಇಲ್ಲ. ತೊಂದರೆ ಏನೆಂದರೆ ಪ್ರೇಮಿಗಳು ಶಿಕ್ಷೆಯಿಲ್ಲದೆ ಪಾರಾಗಿಬಿಡುತ್ತಾರೆ. ಅದು ಅಪರಾಧಕ್ಕೆ ಶಿಫಾರಸು ಮಾಡಿದ ಹಾಗಾಗುತ್ತದೆ!

ಆ ಕಾಲದ ಇಂಗ್ಲಿಷ್ ಕತೆಗಳಲ್ಲಿ ಸಲಿಂಗ ಪ್ರೇಮಿಗಳು ಯಾಕೆ ಹಾಗೆ ಸಾಲಾಗಿ ಸಾಯುತ್ತಾರೆ ಎನ್ನುವುದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಆ ಸಾವು ಎಷ್ಟೋ ಸಲ ಕತೆಯೊಳಗಿಂದ ಬಂದದ್ದಲ್ಲ, ಪ್ರಕಟಣೆಗೆ ಕಟ್ಟಿದ ಸುಂಕ. ಫಾರ್ಸ್ಟರ್ ಅದನ್ನು ಕಟ್ಟಲು ಒಪ್ಪಲಿಲ್ಲ. ಸುಖಾಂತ್ಯ ಇರಲೇಬೇಕು, ಇಲ್ಲದಿದ್ದರೆ ಬರೆಯುತ್ತಲೇ ಇರಲಿಲ್ಲ ಎಂದ. ಅವನ ಮಾರಿಸ್ ಪೇಟೆಯ ಷೇರು ದಲ್ಲಾಳಿ. ಅವನ ಜೊತೆಗಾರ ಅಲೆಕ್, ಜಮೀನ್ದಾರರ ಎಸ್ಟೇಟಿನಲ್ಲಿ ಬೇಟೆಯ ಕಾಡು ಕಾಯುವವನು. ಇಬ್ಬರೂ ಊರು, ಕೆಲಸ, ಅಂತಸ್ತು ಬಿಟ್ಟು ಕಾಡಿನ ಕಡೆ ಹೊರಟುಹೋಗುತ್ತಾರೆ. (ನಮ್ಮ ಕಡೆ ಹೀಗೆ ಕಾಡು ಸೇರಿದರೆ ಮೂರನೇ ದಿನ ಫಾರೆಸ್ಟ್ ಗಾರ್ಡ್ ಬಂದು ನಿಲ್ಲುತ್ತಾನೆ, ಆ ಮಾತು ಬೇರೆ.)

ಬದುಕಿರುವಾಗ ಅಚ್ಚಾಗಬೇಕು ಎಂದುಕೊಂಡವರು ಬೇರೆ ದಾರಿ ಹಿಡಿದರು. ಅಮೆರಿಕದ ಪೆಟ್ರೀಷಿಯಾ ಹೈಸ್ಮಿತ್ 1952ರಲ್ಲಿ ಇಬ್ಬರು ಹೆಂಗಸರ ಪ್ರೇಮದ 'ದಿ ಪ್ರೈಸ್ ಆಫ್ ಸಾಲ್ಟ್' ಪ್ರಕಟಿಸಿದಳು, ಆದರೆ ಕ್ಲೇರ್ ಮಾರ್ಗನ್ ಎಂಬ ಹೆಸರಿನಲ್ಲಿ. ಅಲ್ಲಿ ಯಾರೂ ಸಾಯುವುದಿಲ್ಲ. ಕೊನೆಗೆ ಇಬ್ಬರೂ ಮತ್ತೆ ಸೇರುತ್ತಾರೆ, ಆದರೆ ಒಬ್ಬಳು ಅಷ್ಟು ಹೊತ್ತಿಗಾಗಲೇ ಮಗಳನ್ನು ಗಂಡನಿಗೆ ಬಿಟ್ಟುಕೊಟ್ಟಿರುತ್ತಾಳೆ. ಅಗ್ಗದ ಆವೃತ್ತಿ ಬಂದ ಮೇಲೆ ಕ್ಲೇರ್ ಮಾರ್ಗನ್ ಹೆಸರಿಗೆ ವಾರವಾರವೂ ಪತ್ರಗಳು ಬಂದವು. ನಮ್ಮಂಥವರ ಕತೆ ಇಷ್ಟು ಚೆನ್ನಾಗಿ ಮುಗಿದದ್ದನ್ನು ಮೊದಲ ಸಲ ನೋಡಿದೆವು ಎಂದು ಎಷ್ಟೋ ಜನ ಬರೆದಿದ್ದರು. ತನ್ನ ಸ್ವಂತ ಹೆಸರು ಹಾಕಲು ಹೈಸ್ಮಿತ್‌ಗೆ 1990 ಆಗಬೇಕಾಯಿತು.

ಈಗ ಕನ್ನಡಕ್ಕೆ ಬರೋಣ. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮು ಒಪ್ಪಿ ಸೇರುವ ವಯಸ್ಕರಿಗೆ ಅನ್ವಯಿಸದು ಎಂದಿತು. ಆ ಸುಮಾರಿಗೇ ನಮ್ಮಲ್ಲಿ ಷಣ್ಮುಖ ಎಸ್. ಎಂಬ ಹೆಸರಿನಲ್ಲಿ ಒಂದು ಕತೆ ಬಂತು. ಬರೆದವರು ವಸುಧೇಂದ್ರ. ಆಗಾಗಲೇ ಅವರಿಗೆ ದೊಡ್ಡ ಓದುಗ ಬಳಗವಿತ್ತು, ಅವರದೇ ಪ್ರಕಾಶನವೂ ಇತ್ತು. ಅಂಥವರಿಗೂ ಇದೊಂದು ವಿಷಯಕ್ಕೆ ಬೇರೆ ಹೆಸರು ಬೇಕಾಯಿತು. 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನ ಅವರ ಸ್ವಂತ ಹೆಸರಿನಲ್ಲೇ ಬಂತು. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ತಳ್ಳಿಹಾಕಿತು. ಅಂದರೆ ಕನ್ನಡದಲ್ಲಿ ಲೇಖಕ ಹೆಸರು ಹೇಳಿಕೊಂಡ ವರ್ಷವೇ ಕಾನೂನು ಹಿಂದಕ್ಕೆ ಹೋಯಿತು. ಮೊದಲು ಕಾನೂನು ಬದಲಾಗುತ್ತದೆ, ಆಮೇಲೆ ಸಾಹಿತ್ಯ, ಆಮೇಲೆ ಸಮಾಜ ಎಂದು ಹೇಳುವವರು ಇದನ್ನು ಗಮನಿಸಬೇಕು.

ಆ ಸಂಕಲನದಲ್ಲಿ ಮೋಹನಸ್ವಾಮಿಗೆ ದೊಡ್ಡ ಪೆಟ್ಟು ಬೀಳುವುದು ಪೊಲೀಸರಿಂದಲ್ಲ, ಜಡ್ಜಿಂದಲೂ ಅಲ್ಲ. ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದ ಕಾರ್ತಿಕ್ ಒಬ್ಬ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಕಾರ್ತಿಕ್‌ನ ಪಾಲಿಗೆ ಅದು ಮೋಸವೂ ಅಲ್ಲ. ವಯಸ್ಸಾಯಿತು, ಮನೆಯವರು ಹೆಣ್ಣು ನೋಡಿದರು, ಅಷ್ಟೇ. ನಮ್ಮ ಕೂಟದಲ್ಲಿ ಎರಡೂ ಪುಸ್ತಕಗಳನ್ನು ಒಂದಾದ ಮೇಲೊಂದು ಓದಿದಾಗ ನನಗೆ ಎದ್ದು ಕಂಡ ವ್ಯತ್ಯಾಸ ಇದು. ಫಾರ್ಸ್ಟರ್‌ಗೆ ಎದುರಿಗಿದ್ದದ್ದು ಜೈಲು. ನಮ್ಮಲ್ಲಿ ಲಗ್ನಪತ್ರಿಕೆ. 'ಮಾರಿಸ್'ನಲ್ಲೂ ಮೊದಲ ಗೆಳೆಯ ಕ್ಲೈವ್ ಮದುವೆಯಾಗಿ ದೂರವಾಗುತ್ತಾನೆ, ನಿಜ. ಆದರೆ ಅಲ್ಲಿ ಮಾರಿಸ್‌ಗೆ ಮನೆ ಬಿಟ್ಟು ಹೋಗುವುದು ಒಂದು ದಾರಿಯಾಗಿ ಕಾಣುತ್ತದೆ. ನಮ್ಮ ಹುಡುಗನಿಗೆ ಮನೆ ಬಿಟ್ಟರೆ ಅಮ್ಮ, ತಂಗಿಯ ಮದುವೆ, ತೋಟದ ಪಾಲು ಎಲ್ಲವೂ ಹಿಂದೆಯೇ ಬರುತ್ತವೆ.

ಅದಕ್ಕೇ ನಿಮ್ಮ ಕೋರ್ಟಿನ ಮಾತಿಗೆ ನನ್ನ ಉತ್ತರ ಅರ್ಧ ಮಾತ್ರ ಹೌದು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟಿನ ತೀರ್ಪು ದೊಡ್ಡದು. ಇವರಿಗೂ ಇವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅದರಲ್ಲೇ ಬರೆದರು. ಪೊಲೀಸಿಗೆ ಹೇಳುತ್ತೇನೆ ಎಂದು ಹೆದರಿಸಿ ದುಡ್ಡು ಕೀಳುವವರ ಕೈಯಿಂದ ಒಂದು ಆಯುಧ ಹೋಯಿತು. ಆದರೆ ಆ ತೀರ್ಪು ಇಂಥ ಸಂಬಂಧ ಅಪರಾಧವಲ್ಲ ಎಂದಿತು, ಅಷ್ಟೇ. ಮದುವೆಯ ಪ್ರಶ್ನೆ 2023ರ ಅಕ್ಟೋಬರ್ 17ರಂದು ಬಂದಾಗ ಅದೇ ಕೋರ್ಟು, ಇದು ಸಂಸತ್ತಿನ ಕೆಲಸ ಎಂದು ಕೈಬಿಟ್ಟಿತು. ಕತೆಗಳಲ್ಲಿ ನೋವಿನ ಜಾಗ ಮದುವೆಯೇ ಆಗಿರುವಾಗ, 2018ರ ನಂತರದ ಕತೆಗಳು ಒಮ್ಮೆಲೇ ಬೇರೆಯಾಗಿಬಿಡುತ್ತವೆ ಎಂದು ನಿರೀಕ್ಷಿಸುವುದು ತಪ್ಪು.

ನಮ್ಮ ಮಲೆನಾಡಿನ ವಿಚಾರಕ್ಕೆ ಬಂದರೆ ಇನ್ನೂ ಒಂದು ಸೂಕ್ಷ್ಮವಿದೆ. ಸಾಗರ, ಸೊರಬ, ಸಿದ್ದಾಪುರದ ಕಡೆ ತೋಟ ನೋಡಿಕೊಂಡು ಊರಲ್ಲೇ ಉಳಿದ ಗಂಡುಗಳಿಗೆ ಹೆಣ್ಣು ಸಿಗುತ್ತಿಲ್ಲ. ನಲವತ್ತಾದರೂ ಮದುವೆಯಾಗದ ಗಂಡಸು ಇಲ್ಲಿ ಈಗ ಅಪರೂಪವಲ್ಲ. "ಅಡಿಕೆ ತೋಟದ ಮಾಣಿಗೆ ಯಾರು ಹೆಣ್ಣು ಕೊಡ್ತಾರೆ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮದುವೆಯೇ ಬೇಡದವನಿಗೂ ಅದೇ ಮಾತು ಕೊಡೆ ಹಿಡಿಯುತ್ತದೆ. ಯಾರೂ ಅವನನ್ನು ಒಪ್ಪಿಕೊಂಡಿಲ್ಲ, ಸುಮ್ನೆ ಕೇಳುವುದನ್ನು ಬಿಟ್ಟಿದ್ದಾರೆ. ಇದನ್ನು ಸಮಾಜ ಬದಲಾಯಿತು ಎಂದು ಲೆಕ್ಕ ಹಾಕಿದರೆ ಪೂರಾ ತಪ್ಪುತ್ತೇವೆ.

ಹೆಣ್ಣುಮಕ್ಕಳಿಗೆ ಈ ಕೊಡೆಯೂ ಇಲ್ಲ. ಗಂಡು ಸಿಗಲಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ದಿನಕ್ಕೊಂದು ಜಾತಕ ಬರುತ್ತಿರುತ್ತದೆ. ನಮ್ಮ ಸಾಹಿತ್ಯದಲ್ಲೂ ಅವರ ಪ್ರೇಮ ಎಷ್ಟೋ ಸಲ ಬಂದದ್ದು ಏನಾದರೂ ಒಂದು ನೆಪದ ಜೊತೆಗೆ. ಇಸ್ಮತ್ ಚುಗ್ತಾಯಿ 1942ರಲ್ಲಿ ಬರೆದ 'ಲಿಹಾಫ್' ಕತೆಯಲ್ಲಿ ಬೇಗಂ ತನ್ನ ಸೇವಕಿಯ ಹತ್ತಿರವಾಗುವುದು ಗಂಡ ತಿರುಗಿಯೂ ನೋಡದ್ದರಿಂದ. ನವಾಬನಿಗೆ ಚಂದದ ಹುಡುಗರ ಮೇಲೆ ಕಣ್ಣು. ರಾತ್ರಿ ರಜಾಯಿ ಅಲುಗುವುದನ್ನು ನೋಡುವವಳು ಏನೂ ತಿಳಿಯದ ಒಬ್ಬ ಸಣ್ಣ ಹುಡುಗಿ. ಲಾಹೋರಿನಲ್ಲಿ ಅಶ್ಲೀಲದ ಕೇಸು ನಡೆಯಿತು. ಕತೆಯಲ್ಲಿ ಬೆರಳಿಟ್ಟು ತೋರಿಸುವಂಥ ಒಂದು ಕೆಟ್ಟ ಪದವೂ ಸಿಗದೆ ಕೇಸು ಬಿತ್ತು. ಜಾಣ ಕತೆ. ಆದರೂ ಗಂಡ ಒಳ್ಳೆಯವನಾಗಿದ್ದರೆ ಬೇಗಂ ಏನು ಮಾಡುತ್ತಿದ್ದಳು ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ. ಗಂಡನ ಮೇಲಿನ ಸಿಟ್ಟಿಗಲ್ಲದೆ, ಬರೀ ಇಷ್ಟಕ್ಕೆ ಇಬ್ಬರು ಹೆಂಗಸರು ಪ್ರೀತಿಸುವ ಕತೆಗಳು ಕನ್ನಡದಲ್ಲಿ ಇನ್ನಷ್ಟು ಬರಬೇಕು.

ಹೆಗ್ಗೋಡಿನ ಜನಮನದಾಟ ತಂಡ ಎ. ರೇವತಿಯವರ ಆತ್ಮಕತೆಯನ್ನು 'ಬದುಕು ಬಯಲು' ಎಂಬ ನಾಟಕವಾಗಿ ಆಡಿತು. ಅದನ್ನು ನೋಡಿದ ಕೆಲವರು "ಇದೂ ಅದೇ ವಿಷಯ ಅಲ್ವಾ" ಎನ್ನುತ್ತಾರೆ. ಅಲ್ಲ. ಅದು ಗಂಡಾಗಿ ಹುಟ್ಟಿದವಳೆಂದು ಊರು ತಿಳಿದವಳು ತಾನು ಹೆಣ್ಣು ಎಂದು ಬದುಕಲು ಪಟ್ಟ ಪಾಡು. ಯಾರನ್ನು ಪ್ರೀತಿಸುತ್ತೇವೆ ಎನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಎರಡೂ ಅರ್ಥವಾಗುವುದಿಲ್ಲ.

ಫಾರ್ಸ್ಟರ್ ಅದೇ ಟಿಪ್ಪಣಿಯಲ್ಲಿ ತನ್ನ ಕಾಲದ ಬದಲಾವಣೆಯನ್ನು ಅಳೆಯುತ್ತಾನೆ. ಮೊದಲು ಜನರಿಗೆ ತಿಳಿವಳಿಕೆ ಇರಲಿಲ್ಲ, ಭಯವಿತ್ತು. ಈಗ ಪರಿಚಯವಾಗಿದೆ, ತಾತ್ಸಾರ ಬಂದಿದೆ ಎನ್ನುತ್ತಾನೆ. ನಮ್ಮೂರಿಗೆ ಇದು ಸರಿಯಾಗಿ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಮೊಬೈಲು ಬಂದ ಮೇಲೆ ಎಲ್ಲರಿಗೂ ವಿಷಯ ಗೊತ್ತು. ಗೊತ್ತಿರುವುದರಿಂದ ಜೋಕು ಜಾಸ್ತಿಯಾಗಿದೆ. ಆದರೆ ಕೂಟದಲ್ಲಿ ಕತೆ ಓದಿದ ಮೇಲೆ ಜೋಕು ಮಾಡಿದವರು ಕಡಿಮೆ.

'ಮಾರಿಸ್' ಓದಿ ಮುಗಿಸಿದ ದಿನ ನಮ್ಮ ಕೂಟದ ಹಿರಿಯ ಅಮ್ಮ ಒಬ್ಬರು ಕೇಳಿದ ಪ್ರಶ್ನೆ ಹೀಗಿತ್ತು: "ಇಬ್ರೂ ಕಾಡಿಗೆ ಹೋದ್ರು, ಸರಿ. ಮಳೆಗಾಲದಲ್ಲಿ ಎಂತ ಮಾಡಿದ್ರು? ಊಟಕ್ಕೆಂತ?" ಎಲ್ಲರೂ ನಕ್ಕರು. ಫಾರ್ಸ್ಟರ್‌ಗೂ ಈ ಪ್ರಶ್ನೆ ಬಂದಿರಬೇಕು. ಮೊದಲು ಅವನು ಒಂದು ಉಪಸಂಹಾರ ಬರೆದಿದ್ದ. ಕೆಲವು ವರ್ಷಗಳ ನಂತರ ಮಾರಿಸ್‌ನ ತಂಗಿ ದಾರಿಯಲ್ಲಿ ಮರ ಕಡಿಯುವ ಇಬ್ಬರನ್ನು ನೋಡುತ್ತಾಳೆ. ಅವರೇ ಇವರು. ಓದಿದ ಸ್ನೇಹಿತರಿಗೆ ಅದು ಹಿಡಿಸಲಿಲ್ಲ, ಅವನು ತೆಗೆದುಹಾಕಿದ. ಕತೆ ನಡೆಯುವುದು 1912ರ ಸುಮಾರಿಗೆ. ಕೆಲವು ವರ್ಷ ಮುಂದೆ ಹೋದರೆ ಮೊದಲನೇ ಮಹಾಯುದ್ಧ ಬರುತ್ತದೆ, ಆ ಇಂಗ್ಲೆಂಡಿಗೆ ಇವರನ್ನು ಒಯ್ಯಲು ಅವನಿಗೆ ಮನಸ್ಸಿರಲಿಲ್ಲ. ಇದನ್ನು ಹೇಳಿದಾಗ ಆ ಅಮ್ಮ ಒಪ್ಪಲಿಲ್ಲ. ಮರ ಕಡಿಯುವ ಭಾಗ ಇಡಬೇಕಿತ್ತು ಎಂದು ಈಗಲೂ ವಾದ ಮಾಡುತ್ತಾರೆ.