ಏಳೂವರೆ ಮಿಲಿಮೀಟರಿನ ಐಕಾನ್: ಮೂರು ಡ್ರಾಫ್ಟ್‌ಗಳಲ್ಲಿ ಯಾವುದು?

ಡೈರಿಗೆ ಹಾಲು ಹಾಕುವವರು ಲೆಕ್ಕ ನೋಡಿಕೊಳ್ಳುವ ಒಂದು ಆ್ಯಪ್ ಅಂದುಕೊಳ್ಳಿ. ಐಕಾನ್‌ಗೆ ಮೂರು ಡ್ರಾಫ್ಟ್ ಇವೆ: ತೆಳು ಗೆರೆಯ ಹಸುವಿನ ಮುಖ, ನೀಲಿ ಮೇಲೆ ಬಿಳಿ ಹಾಲಿನ ಕ್ಯಾನ್, ‘ಹಾಲು’ ಎಂಬ ಅಕ್ಷರ. 512 ಪಿಕ್ಸೆಲ್ ಅಗಲದಲ್ಲಿ ಮಾನಿಟರ್ ಮೇಲೆ ನೋಡಿದರೆ ಹಸುವೇ ಗೆಲ್ಲುತ್ತದೆ. ಮೀಟಿಂಗ್‌ನಲ್ಲಿ ತಪ್ಪು ಆಯ್ಕೆ ಆಗುವುದು ಹೀಗೇ.

ಡಿಪಿ ಎಂಬುದು ಆಂಡ್ರಾಯ್ಡ್‌ನ ಅಳತೆ, ಸುಮಾರು ಇಂಚಿನ 160ನೇ ಒಂದು ಭಾಗ. ಐಕಾನ್ ಅನ್ನು 48 ಡಿಪಿ ಎಂದು ಹಿಡಿದರೆ, ಪರದೆಯ ಮೇಲೆ ಅದು ಹತ್ತಿರ ಹತ್ತಿರ ಏಳೂವರೆ ಮಿಲಿಮೀಟರ್. ಒಂದು ಡಿಪಿಗೆ ಎರಡು ಪಿಕ್ಸೆಲ್ ಇರುವ ಎಕ್ಸ್‌ಎಚ್‌ಡಿಪಿಐ ಫೋನಿನಲ್ಲಿ 96 ಪಿಕ್ಸೆಲ್. 512ರಲ್ಲಿ 8 ಪಿಕ್ಸೆಲ್ ಇದ್ದ ಗೆರೆ ಇಲ್ಲಿ ಒಂದೂವರೆ ಪಿಕ್ಸೆಲ್‌ಗೆ ಇಳಿದು ಮಂಜಾಗುತ್ತದೆ. ಹಸುವಿನ ಮೂಗು, ಕಿವಿ ಎಲ್ಲ ಒಂದೇ ಬೂದು ಕಲೆ. ‘ಹಾಲು’ ಅಕ್ಷರಕ್ಕೂ ಇದೇ ಗತಿ. ಕನ್ನಡದ ದುಂಡು ಅಕ್ಷರದ ಒಳಗಿನ ಖಾಲಿ ಜಾಗ ಮೊದಲು ಮುಚ್ಚಿಹೋಗುತ್ತದೆ. ಗೆರೆ 512ರಲ್ಲಿ ಕನಿಷ್ಠ 16 ಪಿಕ್ಸೆಲ್ ಇದ್ದರೆ 3 ಪಿಕ್ಸೆಲ್ ಉಳಿಯುತ್ತದೆ. ಅಂಚಿನ ಲೆಕ್ಕ ಬೇರೆ: ಪ್ರತಿ ಫೋನ್ ತನ್ನದೇ ಆಕಾರಕ್ಕೆ ಕತ್ತರಿಸಿಕೊಳ್ಳುವ ಅಡಾಪ್ಟಿವ್ ಐಕಾನ್‌ನ 108 ಡಿಪಿ ಕ್ಯಾನ್ವಾಸ್‌ನಲ್ಲಿ ನಡುವಿನ 66 ಡಿಪಿ ವೃತ್ತ ಮಾತ್ರ ಎಲ್ಲ ಫೋನ್‌ನಲ್ಲೂ ಕತ್ತರಿಸದೆ ಉಳಿಯುತ್ತದೆ. ಹಸುವಿನ ಕೊಂಬು ಅದರಾಚೆ ಇದ್ದರೆ ಹೋಯಿತು.

ಕ್ಯಾನ್ ಎದ್ದು ಕಾಣುತ್ತದೆ, ಆದರೆ ನೀಲಿ ಮೇಲೆ ಬಿಳಿ ಗುರುತು ಅಂದರೆ ಫೇಸ್‌ಬುಕ್, ಟೆಲಿಗ್ರಾಂ, ಟ್ರೂಕಾಲರ್ ಸಾಲಿಗೆ ಇನ್ನೊಂದು. ಬಣ್ಣ ಎಲ್ಲರದೂ ಒಂದೇ ಆದಾಗ ಏನಾಗುತ್ತದೆಂದು 2020ರಲ್ಲಿ ಜಿಮೇಲ್, ಡ್ರೈವ್, ಕ್ಯಾಲೆಂಡರ್, ಮೀಟ್‌ಗೆ ಒಂದೇ ನಾಲ್ಕು ಬಣ್ಣ ಬಂದಾಗ ಕಂಡಿತು. ಯಾವುದು ಯಾವುದೆಂದು ತಿಳಿಯುತ್ತಿಲ್ಲ ಎಂದು ಜನ ಬಹಳ ಗೊಣಗಿದರು.

ಹಾಗಾಗಿ ಹೋಲಿಸಬೇಕಾದದ್ದು ಡ್ರಾಫ್ಟ್ ಪಕ್ಕ ಡ್ರಾಫ್ಟ್ ಇಟ್ಟು ಅಲ್ಲ. ಬಳಕೆದಾರರ ಫೋನಿನಲ್ಲಿ ಸಾಮಾನ್ಯವಾಗಿ ಇರುವ ಇಪ್ಪತ್ತು ಆ್ಯಪ್‌ಗಳ ಹೋಂ ಸ್ಕ್ರೀನ್ ಮಾಡಿ, ಅದರೊಳಗೆ ಒಂದು ಡ್ರಾಫ್ಟ್ ಇಡಿ. ಐಕಾನ್ ಐದು ಸೆಕೆಂಡ್ ತೋರಿಸಿ, ಮರೆಮಾಡಿ, ಫೋನ್ ಕೈಗೆ ಕೊಟ್ಟು ಹುಡುಕಲು ಹೇಳಿ. ಪ್ರತಿ ಸಲ ಜಾಗ ಬದಲಿಸಿ, ಇಲ್ಲದಿದ್ದರೆ ಹೆಬ್ಬೆರಳು ಜಾಗ ನೆನಪಿಟ್ಟುಕೊಂಡು ಹೋಗುತ್ತದೆ, ಕಣ್ಣಿಗೆ ಕೆಲಸವೇ ಇರುವುದಿಲ್ಲ. ಯಾವ ಡ್ರಾಫ್ಟ್ ಮೊದಲು ತೋರಿಸುತ್ತೀರಿ ಎಂಬುದನ್ನೂ ಜನರ ನಡುವೆ ಅದಲು ಬದಲು ಮಾಡಿ.

ಎಂಟು ಹತ್ತು ಜನರಲ್ಲಿ, ಹುಡುಕಲು ಹಿಡಿದ ಸಮಯದ ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ. ತಪ್ಪಾಗಿ ಒತ್ತಿದ್ದು ಯಾವುದನ್ನು ಎಂದು ಬರೆದುಕೊಳ್ಳಿ. ಮೂವರು ಟ್ರೂಕಾಲರ್ ಒತ್ತಿದರೆ ದೂರು ಬಣ್ಣದ ಮೇಲೆ, ಕ್ಯಾನ್ ಮೇಲಲ್ಲ. ಸಾಸಿವೆ ಹಳದಿ ಮೇಲೆ ಕಡು ಕಂದು ಕ್ಯಾನ್ ಇಟ್ಟು ಮತ್ತೆ ನೋಡಿ.

ಕೊನೆಗೆ ಡೆವಲಪರ್ ಆಯ್ಕೆಗಳಲ್ಲಿ ಬಣ್ಣ ತೆಗೆದು, ಬರೀ ಕಪ್ಪು ಬಿಳುಪಿನಲ್ಲಿ ಅದೇ ಸ್ಕ್ರೀನ್ ತೋರಿಸಿ. ಆಂಡ್ರಾಯ್ಡ್ 13ರಿಂದ, ಐಕಾನ್‌ಗಳನ್ನು ವಾಲ್‌ಪೇಪರಿನ ಬಣ್ಣಕ್ಕೆ ತಿರುಗಿಸುವ ಥೀಮ್ ಐಕಾನ್ ಹಾಕಿಕೊಂಡವರ ಫೋನಿನಲ್ಲಿ, ನಾವು ಐಕಾನ್‌ನ ಒಂದೇ ಬಣ್ಣದ ಆವೃತ್ತಿ ಕೊಟ್ಟಿದ್ದರೆ, ನಮ್ಮ ಹಳದಿ ಉಳಿಯುವುದಿಲ್ಲ. ಅಲ್ಲಿ ಕ್ಯಾನ್‌ನ ಕುತ್ತಿಗೆ, ಎರಡು ಹಿಡಿ ಇಷ್ಟರಿಂದಲೇ ಗುರುತು ಸಿಗಬೇಕು.